ಹತ್ತಿಪಟ್ಟಿ ಸುತ್ತಿದ ವೈರು

ನನಗೆ ಹಾವಿನ ಭಯವಿಲ್ಲ, ಕಳ್ಳರ ಭಯವಿಲ್ಲ. ಭಯ ಇರುವುದು ಕರೆಂಟಿನ ವೈರಿನದು. ಚಿಕ್ಕವಳಿದ್ದಾಗ ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ರೇಡಿಯೋದ ಪಿನ್ನು ಕೀಳಲು ಹೋಗಿ ಒಮ್ಮೆ ಝಟಕಾ ಹೊಡೆಸಿಕೊಂಡಿದ್ದೆ. ಅವತ್ತಿನಿಂದ ಗೋಡೆಯ ಬಟನ್ ಒತ್ತುವಾಗಲೂ ಮುಖ ಒಂದು ಕಡೆ ತಿರುಗಿಸಿಕೊಂಡೇ ಒತ್ತುತ್ತೇನೆ. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದ ಹೊಸತರಲ್ಲಿ ನಮ್ಮ ಮನೆಯವರು ಇದನ್ನು ನೋಡಿ ಹೊಟ್ಟೆ ಹಿಡಿದು ನಕ್ಕಿದ್ದರು. ನಗಲಿ ಬಿಡಿ, ನಗುವವರ ಹಲ್ಲು ಕಾಣುತ್ತದೆ, ವೈರಿನ ಹಲ್ಲು ಕಾಣುವುದಿಲ್ಲ ಎಂದುಕೊಂಡೆ.

ತೊಂಬತ್ತರ ದಶಕ ಅರ್ಧ ಮುಗಿದಿತ್ತು. ನವಿ ಪೇಠದ ಹಿಂದಿನ ಗಲ್ಲಿಯಲ್ಲಿ ನಮ್ಮದು ಬಾಡಿಗೆ ಮನೆ. ಮನೆಯಲ್ಲಿ ಮೂವರೇ: ನಾನು, ನಮ್ಮ ಮನೆಯವರು, ಅತ್ತೆ. ನಮ್ಮ ಮನೆಯವರು ಪೇಠೆಯ ಒಂದು ಬಟ್ಟೆಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಮಾಲಿನ ಮೂಟೆಯನ್ನೂ ಕಟ್ಟುತ್ತಿದ್ದರು. ಅತ್ತೆ ಮನೆಯ ಮಡಿ ನೋಡಿಕೊಳ್ಳುತ್ತಿದ್ದರು. ಅದೇನು ಸಣ್ಣ ಕೆಲಸವಲ್ಲ. ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ಯಾರೂ ಮುಟ್ಟದ ಸೀರೆ ಉಟ್ಟು, ದೇವರಕೋಣೆ ಹೊಕ್ಕರೆಂದರೆ ಪೂಜೆ, ಅಡುಗೆ, ನೈವೇದ್ಯ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿರಲಿಲ್ಲ. ನನ್ನ ಸೆರಗು ಗಾಳಿಗೆ ಹಾರಿ ಅವರ ಕಡೆ ಹೋದರೂ ಸಾಕು, "ಸರಿ, ಸರಿ, ಮಡಿ ಅದ" ಎಂದು ಕೂಗುತ್ತಿದ್ದರು. ತಪ್ಪಿ ತಾಗಿದರೆ ಮತ್ತೆ ಸ್ನಾನ, ಮತ್ತೆ ಮೊದಲಿನಿಂದ ಎಲ್ಲ. ಆ ಮನೆಗೆ ಬಂದು ನಾನು ಬೇರೇನು ಕಲಿತೆನೋ ಇಲ್ಲವೋ, ಅತ್ತೆ ಎದುರಿಗೆ ಬಂದರೆ ಮೈ ತಾನಾಗಿಯೇ ಹಿಂದೆ ಸರಿಯುವುದನ್ನು ಮಾತ್ರ ಚೆನ್ನಾಗಿ ಕಲಿತೆ.

ಆ ವರ್ಷಗಳಲ್ಲಿ ನಸುಕಿನಲ್ಲೇ ಕರೆಂಟು ಹೋಗಿಬಿಡುತ್ತಿತ್ತು. ದೇವರಕೋಣೆಗೆ ಕಿಟಕಿ ಇರಲಿಲ್ಲ. ಅತ್ತೆಯ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆದಮೇಲೂ ನಂದಾದೀಪದ ಬೆಳಕಿನಲ್ಲಿ ಪಾರಾಯಣದ ಪೋಥಿಯ ಅಕ್ಷರ ಕಾಣುತ್ತಿರಲಿಲ್ಲ. ಅಕ್ಕಲಕೋಟೆಯಲ್ಲಿ ನಮ್ಮ ಅಣ್ಣನದು ಇಲೆಕ್ಟ್ರಿಕ್ ಸಾಮಾನಿನ ಅಂಗಡಿ. ಅವನು ದೀಪಾವಳಿಗೆ ಬಂದಾಗ ಒಂದು ಚಾರ್ಜಿಂಗ್ ದೀಪ ತಂದುಕೊಟ್ಟ. ಒಳಗೆ ಬ್ಯಾಟರಿ, ಮುಂದೆ ಸಣ್ಣ ಟ್ಯೂಬು, ಹಿಂದಿನಿಂದ ಹೊರಟ ಉದ್ದನೆಯ ವೈರು, ವೈರಿನ ತುದಿಗೆ ಪಿನ್ನು. ಗೋಡೆಗೆ ಚುಚ್ಚಿಟ್ಟರೆ ಒಂದು ಕೆಂಪು ಚುಕ್ಕಿ ಉರಿಯುತ್ತ ಬ್ಯಾಟರಿ ತುಂಬುತ್ತಿತ್ತು. ಕರೆಂಟು ಹೋದೊಡನೆ ಟ್ಯೂಬು ತಾನೇ ಹತ್ತಿಕೊಳ್ಳುತ್ತಿತ್ತು.

ಇದು ದೇವರಕೋಣೆಗೆ ಬರಬಹುದೋ ಬಾರದೋ ಎಂದು ಅತ್ತೆ ಬಹಳ ಯೋಚನೆ ಮಾಡಿದರು. ಕಡೆಗೆ, ಪ್ಲಾಸ್ಟಿಕ್ಕಿಗೆ ಮೈಲಿಗೆ ಅಂಟುವುದಿಲ್ಲ ಎಂದು ತಾವೇ ತೀರ್ಪು ಕೊಟ್ಟರು. ಮೈಲಿಗೆ ಹೀರುವುದು ಹತ್ತಿಬಟ್ಟೆ, ಅದಕ್ಕೇ ಅದನ್ನು ನೀರಿಗೆ ಹಾಕಬೇಕು ಎಂಬುದು ಅವರ ಶಾಸ್ತ್ರ. ಈ ಮಾತು ನೆನಪಿರಲಿ, ಮುಂದೆ ಎಲ್ಲ ನಿಂತದ್ದು ಇದರ ಮೇಲೆಯೇ.

ದೀಪ ಬಂದಮೇಲೆ ಅತ್ತೆಗೆ ಅದೇ ದೇವರ ಮುಂದಿನ ದೇವರಾಯಿತು. ಓದು ಮುಗಿದ ಮೇಲೆ ವೈರನ್ನು ದೀಪದ ಮೈಗೆ ಬಿಗಿಯಾಗಿ ಸುತ್ತಿ ಗೋಡೆಯ ಮಾಡದಲ್ಲಿ ಎತ್ತಿಡುತ್ತಿದ್ದರು, ಸಂಜೆ ಬಿಚ್ಚಿ ಚಾರ್ಜಿಗೆ ಹಚ್ಚುತ್ತಿದ್ದರು. ದಿನಾ ಒಂದೇ ಕಡೆ ಬಾಗಿ ಬಾಗಿ, ಬೇಸಿಗೆ ಬರುವ ಹೊತ್ತಿಗೆ ವೈರು ದೀಪದೊಳಗೆ ಹೋಗುವ ಕುತ್ತಿಗೆಯ ಹತ್ತಿರ ಬಾಯಿ ಬಿಟ್ಟಿತು. ಮೊದಲು ನೋಡಿದವಳು ನಾನೇ. ವೈರನ್ನು ಅಷ್ಟು ದಿಟ್ಟಿಸಿ ನೋಡುವವರು ಆ ಮನೆಯಲ್ಲಿ ಬೇರೆ ಯಾರಿದ್ದರು? ಮೇಲಿನ ಬಿಳಿ ಹೊದಿಕೆ ಹರಿದು, ಒಳಗಿನ ಕೆಂಪು ತಂತಿಯ ಸಿಪ್ಪೆಯೂ ಸೀಳಿ, ತಾಮ್ರದ ಎಳೆ ಮಿಂಚುತ್ತಿತ್ತು.

"ಇದನ್ನ ಕಸಕ್ಕ ಒಗದ ಬಿಡೂನು ನಡೀರಿ" ಎಂದೆ ನಮ್ಮ ಮನೆಯವರಿಗೆ.

"ಅಷ್ಟಕ್ಕ ಯಾಕ ಒಗೀಬೇಕು? ಚಿಕಟಪಟ್ಟಿ ಸುತ್ತಿದ್ರ ಆತು. ಅಂಗಡ್ಯಾಗಿನ ಫ್ಯಾನಿಗೆ ಸುತ್ತಿ ಎಷ್ಟ ದಿನಾ ಆತು, ಏನಾಗ್ಯದ?" ಎಂದು ಅವರು ಕರೀ ಟೇಪಿನ ಸುರುಳಿ ತಂದರು. ಪಿನ್ನು ಕಿತ್ತು, ಟೇಪನ್ನು ಎಳೆದೆಳೆದು ಸುತ್ತಿದರು. ನೋಡಲು ಚೆಂದವಾಗೇ ಇತ್ತು.

ಅತ್ತೆ ಅಡುಗೆಮನೆಯಿಂದ, "ಅಕಿ ತವರಿನ ದೀಪ ಅಲ್ಲೇನೋ? ಅಕಿಗೇ ಒಗೀಬೇಕಂತ ಅನಸ್ತದ ನೋಡು!" ಎಂದು ಚುಚ್ಚಿದರು. ತವರಿನ ಮಾತು ಬಂದಮೇಲೆ ನನ್ನ ಬಾಯಿ ಕಟ್ಟಿತು. ಅಣ್ಣ ಕೊಟ್ಟ ದೀಪ ಕೆಟ್ಟದ್ದು ಎಂದು ನಾನೇ ಹೇಳಿದಂತಾಗುತ್ತಿತ್ತಲ್ಲ.

ಟೇಪು ಸುತ್ತಿದ ಮೇಲೆ ನನ್ನ ಭಯ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಮೊದಲಾದರೆ ಗಾಯ ಕಾಣುತ್ತಿತ್ತು, ಎಲ್ಲಿ ಮುಟ್ಟಬಾರದು ಎಂದು ಗೊತ್ತಿತ್ತು. ಈಗ ಎಲ್ಲ ಕರೀ ಪಟ್ಟಿಯ ಕೆಳಗೆ ಅಡಗಿ ಕುಳಿತಿತ್ತು.

ಸೊಲ್ಲಾಪುರದ ಬೇಸಿಗೆ ಹೇಗೆಂದು ಇದ್ದವರಿಗೇ ಗೊತ್ತು. ಮಧ್ಯಾಹ್ನ ದೇವರಕೋಣೆಯ ಹಿತ್ತಾಳೆಯೂ ಕೈಗೆ ಬಿಸಿ ತಾಗುವಂಥ ದಿನಗಳು. ಆ ಝಳಕ್ಕೆ ಟೇಪಿನ ಅಂಟು ಕರಗಿ ಹೊರಗೆ ಬಂತು. ಪಟ್ಟಿ ಮೆಲ್ಲಗೆ ಜಾರಿ ಒಂದು ಕಡೆ ಗಂಟಾಯಿತು. ಅತ್ತೆ ಮುಟ್ಟಿದ ಕೈಗೆಲ್ಲ ಅಂಟು ಹತ್ತಿತೆಂದು ಗೊಣಗಿದರು.

ಅದೇ ದಿನಗಳಲ್ಲಿ ಒಂದು ಗುರುವಾರ ಅತ್ತೆಯನ್ನು ಅಕ್ಕಲಕೋಟೆಗೆ ಸ್ವಾಮಿಯ ದರ್ಶನಕ್ಕೆ ಕರೆದುಕೊಂಡು ಹೋದೆ. ಬಸ್ಸು ವಳಸಂಗ ದಾಟುವವರೆಗೂ ನನ್ನ ತಲೆಯಲ್ಲಿ ಸ್ವಾಮಿಗಿಂತ ಆ ವೈರೇ ಹೆಚ್ಚಿತ್ತು. ದರ್ಶನ ಮುಗಿಸಿ ಅತ್ತೆ ಪಾರಾಯಣಕ್ಕೆ ಕುಳಿತರು. ನಾನು ಅಣ್ಣನ ಅಂಗಡಿಗೆ ಓಡಿದೆ.

ನಾನು ಹೇಳುವುದನ್ನೆಲ್ಲ ಕೇಳಿ ಅಣ್ಣ ಒಂದೇ ಪ್ರಶ್ನೆ ಕೇಳಿದ: "ತಾಮ್ರ ಕಾಣಸ್ತದೇನು?"

"ಕಾಣಸ್ತದ. ಮಿಂಚತದ."

ಅಣ್ಣನ ಮುಖ ಗಂಭೀರವಾಯಿತು. "ಹಂಗಾದ್ರ ಮುಗೀತು, ತಂಗಿ. ಅದಕ್ಕ ಟೇಪ ನಡಿಯಂಗಿಲ್ಲ. ಮ್ಯಾಗಿನ ಹೊದಿಕಿ ಅಷ್ಟ ತರಚಿತ್ತು, ಒಳಗಿನ ಎರಡೂ ತಂತಿ ಸಿಪ್ಪಿ ಗಟ್ಟಿ ಅದಾವು ಅಂದ್ರ ಪಿನ್ ತಗದು, ಒಣಾ ಮಾಡಿ, ಟೇಪ ಸುತ್ತಿ ನಾಕು ದಿನಾ ನಡಸಬಹುದು. ಅದೂ ಹೊಸಾ ವಾಯರ್ ಸಿಗೂತನಾ. ತಾಮ್ರ ಕಂಡ್ರ, ವಾಯರ್ ಬಿಸಿ ಆದ್ರ, ಸುಟ್ಟ ವಾಸನಿ ಬಂದ್ರ, ಅಲಗಾಡಿಸಿದಾಗ ಕೆಂಪ ಚುಕ್ಕಿ ಹತ್ತಿ ಆರಿದ್ರ, ಸುಮ್ನ ಒಗದ ಬಿಡಬೇಕು."

"ಸುತ್ತಿದಾಗ ಛಲೋ ಕೂತಿತ್ತಲ್ಲ?"

"ಕುತ್ತಿಗಿ ಹತ್ರ ದಿನಾ ಬಾಗತದ. ಅಲ್ಲೆ ಯಾವ ಟೇಪೂ ನಿಂದ್ರಂಗಿಲ್ಲ. ಮತ್ತ ಟೇಪ ನೀರ ತಡಿಯಂಗಿಲ್ಲ, ಇದು ನೆನಪ ಇಡು. ಆ ವಾಯರಿನ್ಯಾಗ ಬರೂದು ಬ್ಯಾಟರಿ ಕರೆಂಟ್ ಅಲ್ಲ. ಗ್ವಾಡಿ ಕರೆಂಟ್ ಸೀದಾ ದೀಪದ ಬಾಗಲತನಾ ಬಂದಿರತದ."

ಚಾರ್ಜ್ ಆಗುವ ದೀಪ ಎಂದರೆ ಏನೋ ಸಣ್ಣ ಕರೆಂಟು ಇರಬೇಕೆಂದು ಆತನಕ ನಾವೆಲ್ಲ ಅಂದುಕೊಂಡಿದ್ದೆವು. ಟಾರ್ಚಿನ ಸೆಲ್ಲು ಮುಟ್ಟಿದರೆ ಏನಾಗುತ್ತದೆ, ಅಷ್ಟೇ ಎಂದು. ಅಣ್ಣ ಪಿನ್ನಿನ ಸಮೇತ ಹೊಸ ವೈರು ಕೊಟ್ಟ. ದೀಪ ಬಿಚ್ಚಿ ಪೂರಾ ಬದಲಿಸಬೇಕು, ಬರದಿದ್ದರೆ ದೀಪವನ್ನೇ ಕಳಿಸು ಎಂದ. ಅಲ್ಲಿಯವರೆಗೆ ಚಾರ್ಜಿಗೆ ಹಚ್ಚಲೇಬೇಡಿ ಎಂದೂ ಹೇಳಿದ.

ಮನೆಗೆ ಬಂದು ಎಲ್ಲವನ್ನೂ ಅಣ್ಣ ಹೇಳಿದ ಹಾಗೇ ಹೇಳಿದೆ. ನಮ್ಮ ಮನೆಯವರು ಹೂಂ ಎಂದರು. ರವಿವಾರ ಮಾಡುತ್ತೇನೆ ಎಂದರು. ರವಿವಾರ ಅಂಗಡಿಗೆ ಹೊಸ ಮಾಲು ಬಂತು. ಮುಂದಿನ ರವಿವಾರ ಬಳಗದಲ್ಲೊಂದು ಲಗ್ನ. ಹೊಸ ವೈರು ಪಡಸಾಲೆಯ ಗೂಟಕ್ಕೆ ನೇತುಬಿದ್ದಿತ್ತು, ಹೋಗುತ್ತ ಬರುತ್ತ ನನ್ನ ಕಣ್ಣಿಗೆ ಬೀಳುತ್ತಿತ್ತು. ದೀಪ ಬೇಡ ಎಂದರೆ ಅತ್ತೆಯ ಪೋಥಿ ನಿಲ್ಲುತ್ತಿತ್ತು. ಅವರು ಬಿಡುವವರೇ? ನಾನು ಪಿನ್ನು ಕಿತ್ತಿಡುತ್ತಿದ್ದೆ, ಅವರು ಹಚ್ಚುತ್ತಿದ್ದರು. ಕಿತ್ತಿಡುವುದು, ಹಚ್ಚುವುದು, ಇದೇ ನಮ್ಮಿಬ್ಬರ ಜಗಳವಾಯಿತು. "ನಿಮ್ಮಣ್ಣಗ ವಾಯರ್ ಮಾರೂ ಧಂದೆ. ಅಂವಾ ಒಗೀರಿ ಅಂತನ ಅಂತಾನ" ಎಂದರು ಅತ್ತೆ. ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮಳೆಗಾಲ ಹಿಡಿಯಿತು. ಒಂದು ಸಂಜೆ ನಮ್ಮ ಮನೆಯವರು ಅಂಗಡಿಯಿಂದ ಬಿಳಿ ಹತ್ತಿಪಟ್ಟಿ ತಂದರು. ಚಾದರಿನ ಗಠ್ಠೆ, ಅಂದರೆ ಮೂಟೆ, ಕಟ್ಟುವ ಪಟ್ಟಿ, ಬೆರಳಗಲ, ಗಟ್ಟಿ ನೇಯ್ಗೆಯದು. ಅಂಟು ಕರಗಿ ಜಾರುವ ಟೇಪಿನ ಮೇಲೆ ಅದನ್ನು ಬಿಗಿಯಾಗಿ ಸುತ್ತಿ, ಗಠ್ಠೆಗೆ ಹಾಕುವ ಗಂಟನ್ನೇ ಹಾಕಿದರು. "ಇನ್ನ ಜಾರಲಿ ನೋಡೂನು" ಎಂದು ಎಳೆದು ತೋರಿಸಿ, ತಾವೇ ಚಾರ್ಜಿಗೆ ಹಚ್ಚಿದರು. ಪಾಪ, ಅವರ ವಿದ್ಯೆ ಅದು. ಆ ಗಂಟು ಲಾರಿಯಲ್ಲಿ ಮುಂಬೈವರೆಗೆ ಹೋದರೂ ಬಿಚ್ಚುತ್ತಿರಲಿಲ್ಲ. ಹೊಸ ವೈರು ಮಾತ್ರ ಗೂಟದಲ್ಲೇ ಇತ್ತು.

ಅವರು ಪಟ್ಟಿ ಸುತ್ತಿದ್ದು ಅತ್ತೆಗೆ ಗೊತ್ತಾದದ್ದು ಮರುದಿನ ನಸುಕಿನಲ್ಲಿ, ಮಡಿಯಲ್ಲಿದ್ದಾಗ.

ಅವತ್ತು ಕರೆಂಟು ಇತ್ತು. ರಾತ್ರಿಯೆಲ್ಲ ಮಳೆ ಜಿನುಗಿ ಗಳದ ಮೇಲಿನ ಮಡಿಸೀರೆ ಒಣಗಿರಲಿಲ್ಲ. ಅತ್ತೆ ಒದ್ದೆ ಸೀರೆಯಲ್ಲೇ ದೇವರಕೋಣೆಗೆ ಹೋದರು. ಬರಿಗಾಲು, ಕಲ್ಲಿನ ನೆಲ, ಸೀರೆಯಿಂದ ಇಳಿದ ನೀರು. ನಾನು ಅಡುಗೆಮನೆಯ ಹೊಸ್ತಿಲ ಈಚೆ ಕುಳಿತು ಹೂ ಬಿಡಿಸುತ್ತಿದ್ದೆ. ಒಳಗಿಂದ ಅವರ ಗೊಣಗಾಟ ಕೇಳಿಸಿತು: "ಅಗ ಬಾಯಿ, ಅರಿವಿ ಸುತ್ಯಾನಲ್ಲ! ಅಂಗಡಿ ಅರಿವಿ. ಯಾರ್ಯಾರ ಮುಟ್ಯಾರೋ ಏನೋ."

ಅರಿವೆ ಎಂದರೆ ಬಟ್ಟೆ. ಹತ್ತಿಬಟ್ಟೆ. ಅದನ್ನು ನೀರಿಗೆ ಹಾಕಬೇಕು.

ನನಗೆ ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದಾಗ ಹೂವಿನ ಬುಟ್ಟಿ ಚೆಲ್ಲಿ ಎದ್ದೆ. "ಅತ್ಯಾರ, ನೀರ ಹಾಕಬ್ಯಾಡ್ರಿ!" ಎಂದು ಕೂಗಿದೆನೋ, ಕೂಗಿದೆ ಎಂದುಕೊಂಡೆನೋ, ಈಗಲೂ ನನಗೆ ಖಾತ್ರಿಯಿಲ್ಲ. ತಂಬಿಗೆ ಕಲ್ಲಿನ ಮೇಲೆ ಬಿದ್ದು ಉರುಳುವ ಸದ್ದು ಕೇಳಿಸಿತು.

ಅತ್ತೆ ಕಿರುಚಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಅದೇ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಂದೇ ಸಮನೆ ಸಣ್ಣ ದನಿ ಬರುತ್ತಿತ್ತು. ಅವರ ಬೆನ್ನು ನನ್ನ ಕಡೆಗಿತ್ತು. ಬಲಗೈ ಆ ಬಿಳಿ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಬಿಡಬೇಕೆಂದರೂ ಕೈ ಬಿಡುತ್ತಿರಲಿಲ್ಲ, ಮೈಯೆಲ್ಲ ಬಿಗಿದು ನಡುಗುತ್ತಿತ್ತು. ದೀಪದ ಕೆಂಪು ಚುಕ್ಕಿ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು.

ಗೋಡೆಯ ಬಟನ್ ಅವರ ಆ ಕಡೆ ಇತ್ತು. ಅದನ್ನು ಮುಟ್ಟಬೇಕೆಂದರೆ ಅವರ ಒದ್ದೆ ಸೀರೆಗೆ ಮೈ ತಾಗಿಸಿಯೇ ಕೈ ಚಾಚಬೇಕು. ನಾನು ಹೊಸ್ತಿಲು ದಾಟಿದೆ, ಅವರ ಹೆಗಲಿನ ಕಡೆ ಕೈ ಚಾಚಿದೆ. ಕೈ ಅಲ್ಲೇ ನಿಂತಿತು. ಗೋಡೆಯ ಕರೆಂಟು ಎಂದ ಅಣ್ಣನ ಮಾತು ನೆನಪಾಗಿ ನಿಂತಿತು ಎಂದು ಹೇಳಿಕೊಂಡರೆ ಚೆನ್ನಾಗಿರುತ್ತಿತ್ತು. ಹಾಗೇನೂ ಅಲ್ಲ. ಮಡಿ ಅದ, ಮುಟ್ಟಬಾರದು ಎಂದು ಮೈ ತಾನೇ ಹಿಂದೆ ಸರಿಯಿತು, ದಿನಾ ಸರಿದ ಹಾಗೆ. ಆ ಚೂರು ಹೊತ್ತಿನಲ್ಲಿ ಬುದ್ಧಿ ಬಂತು: ಮುಟ್ಟಿದರೆ ನಾನೂ ಅಂಟಿಕೊಳ್ಳುತ್ತೇನೆ. ಮೇನು, ಮೇನು ತೆಗೆಯಬೇಕು.

ಮೇನ್ ಸ್ವಿಚ್ಚಿನ ಕಬ್ಬಿಣದ ಡಬ್ಬಿ ಪಡಸಾಲೆಯಲ್ಲಿ, ಹೊರಬಾಗಿಲ ಪಕ್ಕ. ಆ ಮನೆ ಎಷ್ಟು ಉದ್ದವಿತ್ತೆಂದು ಅವತ್ತು ಗೊತ್ತಾಯಿತು. ನಡುಮನೆಯಲ್ಲಿ ಮಲಗಿದ್ದ ನಮ್ಮ ಮನೆಯವರನ್ನು ಎಡವಿ, ಎದ್ದು, ಓಡಿದೆ. ಜನ್ಮದಲ್ಲಿ ಎಂದೂ ಮುಟ್ಟದ ಆ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಎಳೆದೆ. ಮುಖ ತಿರುಗಿಸಿಕೊಳ್ಳಲಿಲ್ಲ.

ಮನೆ ಕತ್ತಲಾಯಿತು. ದೇವರಕೋಣೆಯಲ್ಲಿ ದೊಪ್ಪೆಂದು ಸದ್ದಾಯಿತು.

ಓಡಿಬಂದೆ. ಕರೆಂಟು ಹೋದೊಡನೆ ಆ ದೀಪ ತನ್ನ ಕೆಲಸ ತಾನು ಮಾಡಿತ್ತು. ಟ್ಯೂಬು ಹತ್ತಿ, ಬಿಳಿ ಬೆಳಕಿನಲ್ಲಿ ಅತ್ತೆ ನೆಲದ ಮೇಲೆ ಬಿದ್ದಿರುವುದು ಕಂಡಿತು. ವೈರು ಕೈಯಿಂದ ಜಾರಿತ್ತು. ನಾನು ಪಕ್ಕದಲ್ಲಿ ಮಂಡಿಯೂರಿ ಕುಳಿತೆ. ಇನ್ನು ಭಯವಿಲ್ಲ ಎಂದು ತಲೆಗೆ ಗೊತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ.

"ಮುಟ್ಟಲ್ಯಾ ಅತ್ಯಾರ?" ಎಂದು ಕೇಳಿದೆ. ಹೌದು, ಕೇಳಿದೆ. ಸಾಯುತ್ತಿರುವವರನ್ನು ಅಪ್ಪಣೆ ಕೇಳುವ ಸೊಸೆ ನಾನೊಬ್ಬಳೇ ಇರಬೇಕು.

ಉತ್ತರ ಬರಲಿಲ್ಲ. ಹೋದರು ಎಂದೇ ಅನಿಸಿತು. ಅಷ್ಟರಲ್ಲಿ ಅವರ ತುಟಿ ಅಲುಗಿತು. "ಮುಟ್ಟು" ಎಂದರು. ಮತ್ತೆ, ಇನ್ನೂ ಸಣ್ಣ ದನಿಯಲ್ಲಿ, "ಮುಟ್ಟವಾ" ಎಂದರು.

ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವರ ಕೂದಲು ಇಷ್ಟು ಮೆತ್ತಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಪಟ್ಟಿಯನ್ನೂ ತಾಯಿಯನ್ನೂ ನೋಡುತ್ತಿದ್ದರು. ನಾನೇ ಕೂಗಿದೆ, ಪಿನ್ ಕೀಳ್ರಿ, ರಿಕ್ಷಾ ತರ್ರಿ ಎಂದು. ಅವರು ಪಿನ್ನು ಕಿತ್ತು ಬರಿಗಾಲಲ್ಲೇ ಓಡಿದರು.

ದವಾಖಾನೆಯಲ್ಲಿ ಎದೆಯ ಕಾರ್ಡಿಯೋಗ್ರಾಮ್ ತೆಗೆದರು. ಮೇಲೆ ಸುಟ್ಟದ್ದು ಸ್ವಲ್ಪವೇ ಕಂಡರೂ ಒಳಗೆ ಹೃದಯದ ಬಡಿತ ತಪ್ಪಿರಬಹುದು, ಅದಕ್ಕೇ ನೋಡಬೇಕು ಎಂದರು ಡಾಕ್ಟರು. ಸಂಜೆಯವರೆಗೆ ಇಟ್ಟುಕೊಂಡು ಬಿಟ್ಟರು. ಅಂಗೈಯಲ್ಲಿ ಮಾತ್ರ ಒಂದು ಬಿಳಿಚಿದ ಗುರುತು ಇತ್ತು, ಹುಣಸೆಬೀಜದಷ್ಟು.

ಮನೆಗೆ ಬಂದು ಕೂರಿಸಿ, ಹಂಡೆಯಲ್ಲಿ ನೀರು ಕಾಸಲೇ ಎಂದು ಕೇಳಿದೆ. ದವಾಖಾನೆಯಿಂದ ಬಂದವರು ಸ್ನಾನ ಮಾಡದೆ ಒಳಗೆ ಕಾಲಿಡುವ ಮನೆಯಲ್ಲ ನಮ್ಮದು. ಅದರ ಮೇಲೆ ನಾನು ಬೇರೆ ಬೆಳಗಿನಿಂದ ಮುಟ್ಟಿದ್ದೆ, ನರ್ಸಮ್ಮ ಮುಟ್ಟಿದ್ದಳು, ರಿಕ್ಷಾದವನು ಕೈ ಹಿಡಿದು ಇಳಿಸಿದ್ದ.

ಅತ್ತೆ ತಲೆ ಅಲ್ಲಾಡಿಸಿದರು. "ಇವತ್ತ ನೀರ ಬ್ಯಾಡವಾ. ಅಂಜಿಕಿ ಬರತದ."

ಎಷ್ಟೋ ವರ್ಷ ಜ್ವರದಲ್ಲೂ ತಣ್ಣೀರು ಬಿಡದ ಹೆಂಗಸು. ಆ ಮಾತು ಕೇಳಿ ನಮ್ಮ ಮನೆಯವರು ಹಿತ್ತಲಿಗೆ ಹೋಗಿ ಅತ್ತರು. ಆಮೇಲೆ ಬಂದು, ಗೂಟದ ಮೇಲಿನ ಹೊಸ ವೈರು ತೆಗೆದು, ದೀಪ ಬಿಚ್ಚಿ ಕುಳಿತರು. ಹಳೆಯ ವೈರು ಒಳಗಿನಿಂದ ಬಿಡಿಸಿ, ಹೊಸದನ್ನು ಕೂರಿಸಿ, ಹೊರಗಿನಿಂದ ಎಳೆದರೂ ಒಳಗೆ ಜಗ್ಗದಂತೆ ಅದರ ಹಿಡಿಕೆ ಬಿಗಿ ಮಾಡಿದರು. ಮಾಡಲು ಕುಳಿತರೆ ಎಷ್ಟು ಸಣ್ಣ ಕೆಲಸ! ನೋಡುತ್ತ ಕುಳಿತ ನನಗೆ ಅವರ ತಲೆಗೆ ಒಂದು ಕೊಡಬೇಕೆನಿಸಿತು. ಅಳು ಮುಖ ನೋಡಿ ಬಿಟ್ಟೆ.

ಹಳೆಯ ವೈರು ನೆಲದ ಮೇಲಿತ್ತು. ಅದನ್ನು ಸುರುಳಿ ಮಾಡಿ ನಾನು ಕಸದ ಡಬ್ಬಿಗೆ ಹಾಕಿದೆ. ಅತ್ತೆ ಮಂಚದಿಂದಲೇ ನೋಡುತ್ತಿದ್ದರು.

"ಹಂಗ ಒಗದ್ರ ಯಾರರೆ ಆರಿಸಿಕೊಂಡ ಹೋಗತಾರ. ಪಿನ್ ಛಲೋ ಅದ, ಉದ್ದ ಅದ ಅಂತ ತಮ್ಮನ್ಯಾಗ ಹಚ್ಚತಾರ" ಎಂದರು. "ಅಡಕೊತ್ತ ತಾ ಇಲ್ಲೆ. ಅದನ್ನೂ ತಾ."

ಅಡಕೊತ್ತು ಕೊಟ್ಟೆ. ಸುಟ್ಟ ಕೈಯಲ್ಲಿ ಹಿಡಿಯಲು ಬರದೆ ಎಡಗೈಯಲ್ಲಿ ಹಿಡಿದರು. ಮೊದಲು ಪಿನ್ನಿನ ಬುಡದಲ್ಲಿ ಕತ್ತರಿಸಿದರು. ಆಮೇಲೆ ಅಡಿಕೆ ಹೋಳು ಮಾಡುವಂತೆ ಇಡೀ ವೈರನ್ನು ತುಂಡು ತುಂಡು ಮಾಡಿದರು. ಹತ್ತಿಪಟ್ಟಿಯ ಹತ್ತಿರ ಬಂದಾಗ ಅಡಕೊತ್ತನ್ನು ನನ್ನ ಕಡೆ ಚಾಚಿದರು. ನಾನು ಮೆಲ್ಲಗೆ ಇಸಿದುಕೊಂಡು ಅದನ್ನು ಕತ್ತರಿಸಿದೆ. ಪಟ್ಟಿಯೊಳಗೆ ಇನ್ನೂ ಒದ್ದೆ ಇತ್ತು.

ಮರುದಿನ ಅವರು ನಸುಕಿನಲ್ಲೇ ಎದ್ದರು. ಬಚ್ಚಲ ಬಾಗಿಲಲ್ಲಿ ಒಣ ಸೀರೆಯಲ್ಲಿ ನಿಂತು ಬಹಳ ಹೊತ್ತು ಒಳಗೆ ಹೋಗಲಿಲ್ಲ. ಕಡೆಗೆ ನನ್ನನ್ನು ಕೂಗಿದರು. "ಮೇನ್ ತಗೀತಿ ಏನವಾ? ನಾ ಮೈ ತೊಳಕೊಂಡು ಒಣಾ ಉಟಗೊಳ್ಳೂತನಾ."

ದೀಪ ಗೋಡೆಗೆ ಹಚ್ಚಿರಲೇ ಇಲ್ಲ, ಬಚ್ಚಲಲ್ಲಿ ವೈರೂ ಇರಲಿಲ್ಲ. ಅದನ್ನು ಹೇಳಹೋದವಳು ಅವರ ಮುಖ ನೋಡಿ ತಿರುಗಿದೆ. ಪಡಸಾಲೆಗೆ ಹೋಗಿ ಹಿಡಿಕೆ ಎಳೆದು, "ತಗದೀನ್ರಿ" ಎಂದು ಕೂಗಿದೆ.

ಅವರು ಇರುವವರೆಗೂ ಅದು ಹಾಗೇ ನಡೆಯಿತು. ದಿನಾ ನಸುಕಿನಲ್ಲಿ ನಾನು ಕತ್ತಲಲ್ಲಿ ಆ ಕಬ್ಬಿಣದ ಹಿಡಿಕೆ ಹಿಡಿದು ನಿಲ್ಲುತ್ತಿದ್ದೆ. ಒಳಗಿನಿಂದ ಮೊದಲ ತಂಬಿಗೆಯ ಸದ್ದು ಬರುತ್ತಿತ್ತು, ಆಮೇಲೆ ಅವರ ದನಿ: "ಹಿಡದೀ ಅಲ್ಲವಾ?"

"ಹಿಡದೀನ್ರಿ, ಅತ್ಯಾರ" ಎನ್ನುತ್ತಿದ್ದೆ. ಅವರು ಒಣ ಸೀರೆ ಉಟ್ಟು ಹೊರಗೆ ಬರುವವರೆಗೆ ನಾನು ಹಿಡಿಕೆ ಬಿಡುತ್ತಿರಲಿಲ್ಲ.